ಫೈಲ್ ಹಿಗ್ಗುತ್ತದೆ, ಕಳೆದ ನಾದ ಮರಳುವುದಿಲ್ಲ

ಎಂಪಿ3 ರೂಪದಲ್ಲಿರುವ ಹಾಡನ್ನು ಫ್ಲಾಕ್ ರೂಪಕ್ಕೆ ಬದಲಿಸಿದರೆ ಫೈಲಿನ ಗಾತ್ರ ಹಲವು ಪಟ್ಟು ಹೆಚ್ಚುತ್ತದೆ. ಪ್ಲೇಯರಿನ ಪರದೆಯ ಮೇಲೆ ‘ಲಾಸ್‌ಲೆಸ್’ ಎಂಬ ಗುರುತು ಮೂಡುತ್ತದೆ, 128 ಎಂದಿದ್ದ ಬಿಟ್‌ರೇಟ್ ಏಳೆಂಟು ನೂರಕ್ಕೆ ಏರುತ್ತದೆ. ಹಾಡಿನ ಗುಣಮಟ್ಟ ಮಾತ್ರ ಎಂಪಿ3 ಯಲ್ಲಿ ಇದ್ದಷ್ಟೇ ಇರುತ್ತದೆ. ಹೀಗೇಕೆ ಎಂದು ತಿಳಿಯಬೇಕಾದರೆ ಈ ಎರಡು ರೂಪಗಳು ಧ್ವನಿಯನ್ನು ಚಿಕ್ಕದು ಮಾಡುವ ಬಗೆ ಎಷ್ಟು ಬೇರೆ ಎಂಬುದನ್ನು ನೋಡಬೇಕು.

ಎರಡಕ್ಕೂ ಮೂಲ ಸಾಮಗ್ರಿ ಒಂದೇ: ಸಂಖ್ಯೆಗಳ ಉದ್ದನೆಯ ಸಾಲು. ಆಡಿಯೊ ಸಿಡಿಯಲ್ಲಿ ಧ್ವನಿಯ ಅಲೆಯನ್ನು ಪ್ರತಿ ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನ ಒಂದು ಸಂಖ್ಯೆಯಾಗಿ ಬರೆದಿರುತ್ತಾರೆ. ಇಂಥ ಒಂದೊಂದು ಅಳತೆಗೆ ಸ್ಯಾಂಪಲ್ ಎಂದು ಹೆಸರು. 16 ಬಿಟ್ ಎಂದರೆ 65,536 ಮೆಟ್ಟಿಲುಗಳ ಏಣಿ. ಯಾವ ಕ್ಷಣದಲ್ಲಿ ಅಲೆ ಯಾವ ಮೆಟ್ಟಿಲಲ್ಲಿತ್ತು ಎಂಬುದೇ ಆ ಸಂಖ್ಯೆ. ಎಡ ಬಲ ಎರಡೂ ಕಡೆಯ ಲೆಕ್ಕ ಸೇರಿದರೆ ಸೆಕೆಂಡಿಗೆ 14,11,200 ಬಿಟ್ ಆಗುತ್ತದೆ. ನಾಲ್ಕು ನಿಮಿಷದ ಒಂದು ಹಾಡಿಗೆ ಸುಮಾರು 42 ಎಂಬಿ ಜಾಗ ಬೇಕು. ಇದೇ ಹಾಡು 128 ಕೆಬಿಪಿಎಸ್‌ನ ಎಂಪಿ3 ಆದಾಗ 4 ಎಂಬಿಗಿಂತ ತುಸು ಕಡಿಮೆಯಲ್ಲಿ ಮುಗಿಯುತ್ತದೆ. ಫ್ಲಾಕ್ ಆದಾಗ ಸಾಮಾನ್ಯವಾಗಿ ಮೂಲದ ಅರ್ಧದಿಂದ ಮೂರನೇ ಎರಡರಷ್ಟು ಉಳಿಯುತ್ತದೆ. ಒಂದು ರೂಪ ಹನ್ನೊಂದು ಪಟ್ಟು ಕುಗ್ಗಿಸುತ್ತದೆ, ಇನ್ನೊಂದು ಎರಡು ಪಟ್ಟು ಕುಗ್ಗಿಸುವುದಕ್ಕೂ ಹೆಣಗುತ್ತದೆ. ಈ ಅಂತರ ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಪಾಲಿದೆ.

ಮೊದಲು ಫ್ಲಾಕ್. ಜಾಶ್ ಕೋಲ್ಸನ್ ರೂಪಿಸಿದ ಇದರ ಮೊದಲ ಪೂರ್ಣ ಆವೃತ್ತಿ 2001ರಲ್ಲಿ ಹೊರಬಂತು. ಇದರ ಕೆಲಸವೆಂದರೆ ಮುಂದಿನ ಸಂಖ್ಯೆಯನ್ನು ಊಹಿಸಿ, ಊಹೆ ಎಷ್ಟು ತಪ್ಪಿತು ಎಂಬುದನ್ನು ಮಾತ್ರ ಬರೆದಿಡುವುದು. ನಾಲ್ಕು ಸ್ಯಾಂಪಲ್‌ಗಳು 1000, 1010, 1021, 1030 ಎಂದಿವೆ ಎನ್ನೋಣ. ಮೊದಲೆರಡನ್ನು ಹಾಗೆಯೇ ಬರೆಯಲಾಗುತ್ತದೆ. ಸಾವಿರದಿಂದ ಸಾವಿರದ ಹತ್ತಕ್ಕೆ ಏರಿದ ಅಲೆ ಅದೇ ಓಟದಲ್ಲಿ ಮುಂದುವರಿದರೆ ಮೂರನೆಯದು 1020 ಆಗಬೇಕಿತ್ತು. ನಿಜದಲ್ಲಿ 1021 ಇದೆ, ಹಾಗಾಗಿ ‘ಒಂದು ಹೆಚ್ಚು’ ಎಂದು ಬರೆದರೆ ಸಾಕು. 1010, 1021 ಆದಮೇಲೆ 1032 ಬರಬೇಕೆಂಬ ಊಹೆ, ಇರುವುದು 1030, ಆದ್ದರಿಂದ ‘ಎರಡು ಕಡಿಮೆ’. ಸಾವಿರದ ಲೆಕ್ಕದ ಸಂಖ್ಯೆಗಳ ಬದಲು ಒಂದು, ಎರಡರ ಲೆಕ್ಕದ ಸಣ್ಣ ವ್ಯತ್ಯಾಸಗಳು ಉಳಿಯುತ್ತವೆ. ಸಣ್ಣ ಸಂಖ್ಯೆಗೆ ಕಡಿಮೆ ಬಿಟ್ ಸಾಕು, ಜಾಗ ಉಳಿಯುವುದು ಹೀಗೆ. ಹಾಡು ನುಡಿಸುವಾಗ ಪ್ಲೇಯರ್ ಅದೇ ಊಹೆಯನ್ನು ಮತ್ತೆ ಮಾಡಿ, ಬರೆದಿಟ್ಟ ವ್ಯತ್ಯಾಸವನ್ನು ಕೂಡಿಸುತ್ತದೆ. 1000, 1010, 1021, 1030 ಒಂದಂಕಿಯೂ ಆಚೀಚೆಯಾಗದೆ ಹಿಂದಿರುಗುತ್ತವೆ. ನಿಜವಾದ ಫ್ಲಾಕ್ ಇದಕ್ಕಿಂತ ಜಾಣತನದ ಊಹೆಗಳನ್ನೂ ಬಳಸುತ್ತದೆ, ತತ್ತ್ವ ಇಷ್ಟೇ. ಅಲ್ಲಿ ಏನನ್ನೂ ಎಸೆದಿಲ್ಲ, ಆದ್ದರಿಂದಲೇ ಬಹಳ ಕುಗ್ಗಿಸಲಾಗುವುದಿಲ್ಲ.

ಎಂಪಿ3 ಹಾಗಲ್ಲ. ಜರ್ಮನಿಯ ಎರ್ಲಾಂಗನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಬೆಳೆಸಿದ ಈ ವಿಧಾನ 1990ರ ದಶಕದ ಆರಂಭದಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. .mp3 ಎಂಬ ಬಾಲ ಅಂಟಿದ್ದು 1995ರಲ್ಲಿ. ಮನುಷ್ಯನ ಕಿವಿಗೆ ಕೇಳಿಸದ ಅಂಶಗಳನ್ನು ಹೊತ್ತು ತಿರುಗುವುದು ದಂಡ ಎಂಬುದು ಅದರ ನಿಲುವು. ಜೋರಾದ ಒಂದು ಸದ್ದು ತನ್ನ ಪಕ್ಕದ ಶ್ರುತಿಯಲ್ಲಿರುವ ಮೆಲುಸದ್ದನ್ನು ಮುಚ್ಚಿಬಿಡುತ್ತದೆ. ಮೃದಂಗದ ಗಟ್ಟಿ ಪೆಟ್ಟು ಬಿದ್ದ ಕ್ಷಣದಲ್ಲಿ, ಮತ್ತು ಅದಾದ ಮೇಲೆ ಸೆಕೆಂಡಿನ ಒಂದು ಸಣ್ಣ ಪಾಲಿನವರೆಗೆ, ಹತ್ತಿರದ ಶ್ರುತಿಯ ಸಣ್ಣ ದನಿಗಳು ಕಿವಿಗೆ ದಕ್ಕುವುದಿಲ್ಲ. ಇಂಥ ದನಿಗಳ ಮೇಲೆ ಬಿಟ್ ಖರ್ಚು ಮಾಡದಿರುವುದೇ ಎಂಪಿ3 ಯ ಉಳಿತಾಯ.

ಕೆಲಸ ನಡೆಯುವ ಕ್ರಮ ಹೀಗಿದೆ. ಹಾಡನ್ನು 1152 ಸ್ಯಾಂಪಲ್‌ಗಳ ತುಂಡುಗಳಾಗಿ ಕತ್ತರಿಸಲಾಗುತ್ತದೆ. ಒಂದು ತುಂಡು ಎಂದರೆ ಸುಮಾರು 26 ಮಿಲಿಸೆಕೆಂಡಿನ ಧ್ವನಿ. ಪ್ರತಿ ತುಂಡನ್ನೂ ಮಂದ್ರದಿಂದ ತಾರದವರೆಗಿನ ಹಲವು ಆವರ್ತನಗಳಾಗಿ ಬಿಡಿಸಿ, ಯಾವ ಆವರ್ತನದಲ್ಲಿ ಎಷ್ಟು ಬಲವಿದೆ ಎಂದು ಸಂಖ್ಯೆಗಳಲ್ಲಿ ಬರೆಯಲಾಗುತ್ತದೆ. ಇಲ್ಲಿಯವರೆಗೆ ಹೆಚ್ಚುಕಡಿಮೆ ಏನೂ ನಷ್ಟವಾಗಿರುವುದಿಲ್ಲ. ಮುಂದಿನ ಹೆಜ್ಜೆಯೇ ನಿರ್ಣಾಯಕ. ಕಿವಿಗೆ ಅಷ್ಟಾಗಿ ತಿಳಿಯದ ಆವರ್ತನಗಳ ಸಂಖ್ಯೆಗಳನ್ನು ಒರಟಾಗಿ ಸರಿಹೊಂದಿಸಲಾಗುತ್ತದೆ, ಅಂದರೆ ಹತ್ತಿರದ ದುಂಡು ಸಂಖ್ಯೆಗೆ ತಳ್ಳಲಾಗುತ್ತದೆ.

ಈ ಹೆಜ್ಜೆಯನ್ನು ಸರಳಗೊಳಿಸಿ ಹತ್ತಿರದಿಂದ ನೋಡೋಣ. ಒಂದು ತುಂಡಿನಲ್ಲಿ ನಾಲ್ಕು ಆವರ್ತನಗಳ ಬಲ 37, 41, 44 ಮತ್ತು 3 ಎಂದಿರಲಿ. ಇಲ್ಲಿ ಹತ್ತರ ಹೆಜ್ಜೆ ಸಾಕು ಎಂದು ಎನ್‌ಕೋಡರ್ ತೀರ್ಮಾನಿಸುತ್ತದೆ. ಪ್ರತಿಯೊಂದನ್ನೂ ಹತ್ತರಿಂದ ಭಾಗಿಸಿ ಹತ್ತಿರದ ಪೂರ್ಣಾಂಕ ತೆಗೆದುಕೊಂಡರೆ 4, 4, 4, 0 ಸಿಗುತ್ತವೆ. ಎಂಪಿ3 ಫೈಲಿನಲ್ಲಿ ಉಳಿಯುವುದು ಈ ನಾಲ್ಕು ಸಂಖ್ಯೆ ಮತ್ತು ‘ಹೆಜ್ಜೆ ಹತ್ತು’ ಎಂಬ ಒಂದು ಸೂಚನೆ. ನುಡಿಸುವಾಗ ಪ್ಲೇಯರ್ ಹತ್ತರಿಂದ ಗುಣಿಸುತ್ತದೆ: 40, 40, 40, 0. ಮೂವತ್ತೇಳು ಮೂರು ಹೆಚ್ಚಾಗಿ ಬಂತು, ನಲವತ್ತನಾಲ್ಕು ನಾಲ್ಕು ಕಡಿಮೆಯಾಗಿ ಬಂತು, ಮೂರು ಇಲ್ಲವೇ ಇಲ್ಲ.

ಈಗ ಈ 40, 40, 40, 0 ಎಂಬ ಸಾಲನ್ನು ಮಾತ್ರ ಒಬ್ಬರ ಕೈಗೆ ಕೊಟ್ಟು, ಮೂಲದಲ್ಲಿ ಏನಿತ್ತು ಹೇಳಿ ಎಂದರೆ ಉತ್ತರ ಸಾಧ್ಯವಿಲ್ಲ. 37, 41, 44, 3 ಇದ್ದಿರಬಹುದು. 35, 39, 42, 1 ಇದ್ದಿರಬಹುದು. ಎಲ್ಲವೂ 40 ಆಗಿ, ಕೊನೆಯದು ನಿಜಕ್ಕೂ ಸೊನ್ನೆಯೇ ಆಗಿದ್ದಿರಲೂಬಹುದು. ಇವೆಲ್ಲವೂ ಒಂದೇ ಎಂಪಿ3 ಆಗಿ ಬಂದು ನಿಲ್ಲುತ್ತವೆ. ಹಲವು ದಾರಿಗಳು ಒಂದೇ ಬಾಗಿಲಲ್ಲಿ ಸೇರಿದ ಮೇಲೆ, ಬಾಗಿಲನ್ನು ಎಷ್ಟು ಹೊತ್ತು ನೋಡಿದರೂ ಬಂದವರು ಯಾವ ದಾರಿಯವರೆಂದು ತಿಳಿಯದು. ಇಡೀ ಹಾಡಿನ ಮಟ್ಟದಲ್ಲೂ ಇದೇ ಲೆಕ್ಕ. ಸಿಡಿಯಲ್ಲಿ ಒಂದು ತುಂಡಿಗೆ 4608 ಬೈಟ್ ಇರುತ್ತದೆ, 128 ಕೆಬಿಪಿಎಸ್ ಎಂಪಿ3 ಯಲ್ಲಿ ಅದಕ್ಕೆ ಸಿಗುವುದು ಸರಾಸರಿ 418 ಬೈಟ್. ಒಂದಕ್ಕೊಂದು ತುಸು ಬೇರೆಯಾದ ಅಸಂಖ್ಯ ಧ್ವನಿ ತುಂಡುಗಳು ಒಂದೇ 418 ಬೈಟಿನ ಸಾಲಾಗಿ ಕುಗ್ಗಲೇಬೇಕು. ಹೀಗಿರುವಾಗ ಆ ಎಲ್ಲ ಮೂಲಗಳಿಗೂ ಮರಳಿ ಸಿಗುವುದು ಒಂದೇ ಧ್ವನಿ. ಇದು ಯಾವುದೋ ಸಾಫ್ಟ್‌ವೇರಿನ ಕೊರತೆಯಲ್ಲ. ಮಾಹಿತಿ ಫೈಲಿನಲ್ಲೇ ಇಲ್ಲದಿರುವಾಗ ಎಷ್ಟೇ ಒಳ್ಳೆಯ ಸಾಫ್ಟ್‌ವೇರ್ ಬಂದರೂ ಅದನ್ನು ಅಲ್ಲಿಂದ ಹೊರತೆಗೆಯಲಾರದು.

ಎಂಪಿ3 ಯನ್ನು ಫ್ಲಾಕ್ ಮಾಡುವಾಗ ನಡೆಯುವುದೇನು ಎಂಬುದು ಈಗ ಸುಲಭವಾಗಿ ತಿಳಿಯುತ್ತದೆ. ಅನೇಕರು ಬಳಸುವ ffmpeg ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇದಕ್ಕೆ ಒಂದೇ ಸಾಲು ಸಾಕು:

```
ffmpeg -i haadu.mp3 haadu.flac
```

ಈ ಆಜ್ಞೆ ಎರಡು ಕೆಲಸ ಮಾಡುತ್ತದೆ. ಮೊದಲು ಎಂಪಿ3 ಯನ್ನು ಬಿಚ್ಚಿ ಮತ್ತೆ ಸ್ಯಾಂಪಲ್‌ಗಳ ಸಾಲಾಗಿ ಮಾಡುತ್ತದೆ, ಅಂದರೆ ನಮ್ಮ ಉದಾಹರಣೆಯ 40, 40, 40, 0 ಇಂದ ಹುಟ್ಟುವ ಅಲೆಯನ್ನು ಕಟ್ಟುತ್ತದೆ. ಆಮೇಲೆ ಆ ಅಲೆಯನ್ನು ಫ್ಲಾಕ್‌ಗೆ ಒಪ್ಪಿಸುತ್ತದೆ. ಫ್ಲಾಕ್ ತನ್ನ ಮಾತನ್ನು ತಪ್ಪುವುದಿಲ್ಲ: ಕೊಟ್ಟದ್ದನ್ನು ಅಣುವಷ್ಟೂ ಬದಲಿಸದೆ ಕಾಪಾಡುತ್ತದೆ. ಆದರೆ ಅದಕ್ಕೆ ಕೊಟ್ಟದ್ದೇ ಎಂಪಿ3 ಯಿಂದ ಬಂದ ಅಲೆ. ನೀರು ಬೆರೆಸಿದ ಹಾಲನ್ನು ಚೊಂಬಿನಿಂದ ದೊಡ್ಡ ಕೊಡಕ್ಕೆ ಸುರಿದಂತೆ. ಕೊಡ ಸೋರುವುದಿಲ್ಲ, ಹಾಲು ಗಟ್ಟಿಯಾಗುವುದೂ ಇಲ್ಲ. ‘ಲಾಸ್‌ಲೆಸ್’ ಎಂಬ ಗುರುತು ಫ್ಲಾಕ್ ಮಾಡಿದ ಕೆಲಸದ ಬಗ್ಗೆ ಮಾತ್ರ ಸತ್ಯ ಹೇಳುತ್ತದೆ. ಅದಕ್ಕೂ ಹಿಂದೆ ಹಾಡಿಗೆ ಏನಾಗಿತ್ತು ಎಂಬುದು ಆ ಗುರುತಿಗೆ ಗೊತ್ತಿರುವುದಿಲ್ಲ.

ಹಾಗಾದರೆ ಫೈಲ್ ಅಷ್ಟೊಂದು ಹಿಗ್ಗುವುದೇಕೆ? ಆರಂಭಿಕರನ್ನು ದಾರಿ ತಪ್ಪಿಸುವುದು ಇದೇ. ಎಂಪಿ3 ಯ 418 ಬೈಟ್ ಬಿಚ್ಚಿದಾಗ ಮತ್ತೆ 4608 ಬೈಟಿನ ಸ್ಯಾಂಪಲ್‌ಗಳಾಗುತ್ತವೆ. ಇವೆಲ್ಲ ಕೇವಲ 418 ಬೈಟಿನ ಮಾಹಿತಿಯಿಂದ ಹುಟ್ಟಿದವು ಎಂಬುದು ಫ್ಲಾಕ್‌ಗೆ ತಿಳಿಯುವುದಿಲ್ಲ. ಆವರ್ತನಗಳ ಲೆಕ್ಕದಲ್ಲಿ ದುಂಡಾಗಿದ್ದ ಸಂಖ್ಯೆಗಳು ಅಲೆಯ ರೂಪಕ್ಕೆ ಬಂದಾಗ ದುಂಡಾಗಿ ಕಾಣುವುದಿಲ್ಲ, ಸಾಮಾನ್ಯ ಧ್ವನಿಯಂತೆಯೇ ಏರಿಳಿಯುತ್ತವೆ. ಆದ್ದರಿಂದ ಫ್ಲಾಕ್ ಎಂದಿನಂತೆ ಊಹಿಸಿ, ಎಂದಿನಂತೆ ವ್ಯತ್ಯಾಸ ಬರೆದು, ಎಂದಿನಂತೆ ಮೂಲದ ಅರ್ಧದಷ್ಟು ಗಾತ್ರಕ್ಕೆ ತಂದು ನಿಲ್ಲಿಸುತ್ತದೆ. 4 ಎಂಬಿಯ ಹಾಡು 20 ಎಂಬಿಯ ಸುಮಾರಿಗೆ ಬರುತ್ತದೆ. ಪ್ಲೇಯರ್ ತೋರಿಸುವ ಏಳೆಂಟು ನೂರರ ಬಿಟ್‌ರೇಟ್ ಕೂಡ ಗುಣಮಟ್ಟದ ಅಳತೆಯಲ್ಲ. ಆ ಅಲೆಯನ್ನು ಮಡಿಸಿಡಲು ಎಷ್ಟು ಜಾಗ ಹಿಡಿಯಿತು ಎಂಬುದರ ಅಳತೆ ಅದು.

ಮೇಲಿನ ಆಜ್ಞೆಯಲ್ಲಿ ಇನ್ನೊಂದು ತೊಡಕೂ ಇದೆ. ಎಂಪಿ3 ಯನ್ನು ಬಿಚ್ಚುವ ಲೆಕ್ಕಾಚಾರ ಒಳಗೆ ದಶಾಂಶ ಸಂಖ್ಯೆಗಳಲ್ಲಿ ನಡೆಯುವುದರಿಂದ, ಬೇರೇನೂ ಹೇಳದಿದ್ದರೆ ffmpeg ಸಾಮಾನ್ಯವಾಗಿ 24 ಬಿಟ್‌ನ ಫ್ಲಾಕ್ ಮಾಡುತ್ತದೆ. ಸಿಡಿಯಲ್ಲೂ ಇದ್ದದ್ದು 16 ಬಿಟ್. ಹೆಚ್ಚಿಗೆ ಬಂದ ಎಂಟು ಬಿಟ್‌ಗಳಲ್ಲಿರುವುದು ಬಹುಮಟ್ಟಿಗೆ ಲೆಕ್ಕಾಚಾರದ ಉಳಿಕೆ, ಹಾಡಿನ ವಿವರವಲ್ಲ. ಊಹೆಗೆ ಸಿಗದ ಈ ಉಳಿಕೆಯನ್ನು ಫ್ಲಾಕ್ ಕುಗ್ಗಿಸಲಾರದು, ನಾಲ್ಕು ನಿಮಿಷದ ಹಾಡಿಗೆ ಅದೊಂದೇ ಮತ್ತೆ 20 ಎಂಬಿಯಷ್ಟು ತಿನ್ನುತ್ತದೆ. ಪರದೆಯ ಮೇಲೆ ಮಾತ್ರ ‘24 ಬಿಟ್ ಲಾಸ್‌ಲೆಸ್’ ಎಂದು ಬರುತ್ತದೆ. ಸ್ಟುಡಿಯೊ ಮಟ್ಟದ ಧ್ವನಿ ಎಂದು ನಂಬಲು ಅಷ್ಟು ಸಾಕಾಗುತ್ತದೆ.

ನಷ್ಟ ಎಂದರೆ ಕೆಲವು ದನಿಗಳು ಇಲ್ಲವಾಗುವುದು ಮಾತ್ರವಲ್ಲ, ಇಲ್ಲದ ದನಿ ಸೇರಿಕೊಳ್ಳುವುದೂ ಹೌದು. 37 ಇದ್ದದ್ದು 40 ಆದಾಗ ಆ ಮೂರರ ವ್ಯತ್ಯಾಸ ಒಂದು ಬಗೆಯ ಗೊರಗೊರವಾಗಿ ಹಾಡಿನೊಳಗೆ ಬೆರೆಯುತ್ತದೆ. ತಾಳ, ಗೆಜ್ಜೆ, ಚಪ್ಪಾಳೆಯಂಥ ಚುರುಕಾದ ಸದ್ದುಗಳಲ್ಲಿ ಇದು ಎದ್ದು ತೋರುತ್ತದೆ. ತುಂಡಿನ ಕೊನೆಯಲ್ಲಿ ತಾಳದ ಪೆಟ್ಟು ಬಿದ್ದಿದ್ದರೂ, ಸರಿಹೊಂದಿಸಿದ ತಪ್ಪು ತುಂಡಿನ ಉದ್ದಕ್ಕೂ ಹರಡುವುದರಿಂದ, ಪೆಟ್ಟಿಗೂ ಮುಂಚಿನ ನಿಶ್ಶಬ್ದದಲ್ಲಿ ಮಸುಕಾದ ಒಂದು ‘ಶ್’ ಕೇಳಿಸುತ್ತದೆ. ಇದನ್ನು ತಡೆಯಲು ಎಂಪಿ3 ಯಲ್ಲಿ ಸಣ್ಣ ತುಂಡುಗಳನ್ನು ಬಳಸುವ ಏರ್ಪಾಡಿದೆ, ಕಡಿಮೆ ಬಿಟ್‌ರೇಟಿನಲ್ಲಿ ಅದೂ ಪೂರ್ತಿ ಫಲಿಸುವುದಿಲ್ಲ. ಫ್ಲಾಕ್ ಈ ‘ಶ್’ ಸದ್ದನ್ನೂ ತಾಳದಷ್ಟೇ ನಿಷ್ಠೆಯಿಂದ ಬರೆದಿಡುತ್ತದೆ. ಯಾವುದು ಹಾಡು, ಯಾವುದು ಕಲಬೆರಕೆ ಎಂಬ ಭೇದ ಅದಕ್ಕಿಲ್ಲ.

ಮಾತಿನಿಂದ ಒಪ್ಪಿಗೆಯಾಗದವರು ಇದನ್ನು ಕಂಪ್ಯೂಟರಿನಲ್ಲೇ ಪರೀಕ್ಷಿಸಬಹುದು. ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೆ ಸಾಕು. ಒಂದು ಆಡಿಯೊ ಸಿಡಿಯ ಹಾಡನ್ನು ವೇವ್ ಫೈಲಾಗಿ ತೆಗೆದು, ಅದರಿಂದ ನೇರವಾಗಿ ಒಂದು ಫ್ಲಾಕ್ ಮಾಡಬೇಕು. ಅದೇ ವೇವ್ ಫೈಲಿನಿಂದ 128ರ ಎಂಪಿ3 ಮಾಡಿ, ಆ ಎಂಪಿ3 ಯಿಂದ ಇನ್ನೊಂದು ಫ್ಲಾಕ್ ಮಾಡಬೇಕು. ಮೊದಲಿಗೆ ವೇವ್ ಮತ್ತು ನೇರ ಫ್ಲಾಕ್ ಎರಡನ್ನೂ ಒಂದರ ಕೆಳಗೊಂದು ತೆರೆದು, ಒಂದನ್ನು Invert ಎಂಬ ಆಯ್ಕೆಯಿಂದ ತಲೆಕೆಳಗು ಮಾಡಿ, ಒಟ್ಟಿಗೆ ನುಡಿಸಿದರೆ ಒಂದರ ಏರು ಇನ್ನೊಂದರ ಇಳಿವನ್ನು ಅಳಿಸಿಹಾಕುತ್ತದೆ. ಕೇಳಿಸುವುದು ಪೂರ್ಣ ನಿಶ್ಶಬ್ದ. ಎರಡನೆಯ ಫ್ಲಾಕ್‌ನೊಂದಿಗೆ ಇದನ್ನೇ ಮಾಡಿದರೆ ನಿಶ್ಶಬ್ದ ಸಿಗುವುದಿಲ್ಲ. ನೀರಿನಡಿಯಿಂದ ಬಂದಂಥ, ಸಿಳ್ಳು ಬೆರೆತ ಸದ್ದೊಂದು ಉಳಿದಿರುತ್ತದೆ, ಅದರೊಳಗೆ ಹಾಡಿನ ಗುರುತೂ ಸಿಗುತ್ತದೆ. ಮೂಲಕ್ಕೂ ಎಂಪಿ3 ಗೂ ನಡುವಿನ ವ್ಯತ್ಯಾಸವೆಲ್ಲ ಅದೇ, ಫ್ಲಾಕ್ ಆದಮೇಲೂ ತುಂಬದೆ ಉಳಿದದ್ದೂ ಅದೇ.

ಈ ಪರೀಕ್ಷೆಯಲ್ಲಿ ಒಂದು ಎಚ್ಚರ ಬೇಕು. ಎಂಪಿ3 ಮಾಡುವಾಗ ಹಾಡಿನ ತಲೆಗೆ ಒಂದಿಷ್ಟು ಖಾಲಿ ಸ್ಯಾಂಪಲ್‌ಗಳು ಸೇರುತ್ತವೆ. ಲೇಮ್ ಎಂಬ ಜನಪ್ರಿಯ ಎನ್‌ಕೋಡರ್ ಬಳಸಿದಾಗ ಬಿಚ್ಚುವ ಹೊತ್ತಿಗೆ ಇದು 1105 ಸ್ಯಾಂಪಲ್, ಅಂದರೆ 25 ಮಿಲಿಸೆಕೆಂಡ್. ಕೆಲವು ಸಾಫ್ಟ್‌ವೇರ್‌ಗಳು ಇದನ್ನು ತಾವೇ ತೆಗೆದುಹಾಕುತ್ತವೆ, ಕೆಲವು ಹಾಗೇ ಬಿಡುತ್ತವೆ. ಎರಡು ಅಲೆಗಳು ಒಂದಕ್ಕೊಂದು ಕರಾರುವಾಕ್ಕಾಗಿ ಕೂಡದಿದ್ದರೆ ಹಾಡಿಗೆ ಹಾಡೇ ಕೇಳಿಸಿ, ನಷ್ಟ ಇದ್ದದ್ದಕ್ಕಿಂತ ಬಹಳ ದೊಡ್ಡದೆಂಬ ತಪ್ಪು ತೀರ್ಮಾನಕ್ಕೆ ಬಂದಂತಾಗುತ್ತದೆ.

ಮೂಲ ಸಿಡಿ ಕೈಯಲ್ಲಿಲ್ಲದೆ, ಯಾರೋ ಕೊಟ್ಟ ಫ್ಲಾಕ್ ಮಾತ್ರ ಇದ್ದಾಗ ಅದರ ಹುಟ್ಟನ್ನು ಪತ್ತೆ ಮಾಡುವ ದಾರಿ ಸ್ಪೆಕ್ಟ್ರೋಗ್ರಾಮ್. ಯಾವ ಕ್ಷಣದಲ್ಲಿ ಯಾವ ಆವರ್ತನ ಎಷ್ಟಿದೆ ಎಂದು ಬಣ್ಣಗಳಲ್ಲಿ ತೋರಿಸುವ ಚಿತ್ರ ಇದು. ಅಡಾಸಿಟಿಯಲ್ಲೂ ಸ್ಪೆಕ್ ಎಂಬ ಪುಟ್ಟ ಸಾಫ್ಟ್‌ವೇರಿನಲ್ಲೂ ಇದನ್ನು ನೋಡಬಹುದು. ಸಿಡಿಯಿಂದ ನೇರವಾಗಿ ಬಂದ ಹೊಸ ಹಾಡಿನಲ್ಲಿ ತಾಳ, ಸಿಂಬಲ್‌ಗಳ ಬಣ್ಣ 20 ಕಿಲೋಹರ್ಟ್ಜ್ ದಾಟಿ 22ರ ಹತ್ತಿರದವರೆಗೆ ಚಾಚಿರುತ್ತದೆ. 128ರ ಎಂಪಿ3 ಮಾಡುವಾಗ ಎನ್‌ಕೋಡರ್‌ಗಳು ಬಿಟ್ ಉಳಿಸಲು 16, 17 ಕಿಲೋಹರ್ಟ್ಜ್‌ಗಿಂತ ಮೇಲಿನದನ್ನೆಲ್ಲ ಸಾರಾಸಗಟು ಕತ್ತರಿಸುತ್ತವೆ. ಚಿತ್ರದಲ್ಲಿ ಆ ಎತ್ತರಕ್ಕೆ ಸ್ಕೇಲಿಟ್ಟು ಗೆರೆ ಎಳೆದಂತೆ ಬಣ್ಣ ನಿಂತು, ಮೇಲೆಲ್ಲ ಕಪ್ಪು ಕಾಣುತ್ತದೆ. ಆ ಎಂಪಿ3 ಯನ್ನು ಫ್ಲಾಕ್ ಮಾಡಿದರೂ, ಮತ್ತೆ 320ರ ಎಂಪಿ3 ಮಾಡಿದರೂ ಗೆರೆ ಅಳಿಸುವುದಿಲ್ಲ.

ಈ ಗುರುತನ್ನೂ ಕಣ್ಣುಮುಚ್ಚಿ ನಂಬಬಾರದು. ಕ್ಯಾಸೆಟ್‌ನಿಂದ ಅಥವಾ ಹಳೆಯ ಗ್ರಾಮಫೋನ್ ತಟ್ಟೆಯಿಂದ ಡಿಜಿಟಲ್‌ಗೆ ತಂದ ಹಾಡುಗಳಲ್ಲಿ ಮೊದಲಿಗೇ ಮೇಲಿನ ಆವರ್ತನಗಳು ಹೆಚ್ಚಿಲ್ಲದಿರಬಹುದು. 1950, 60ರ ದಶಕದ ಕನ್ನಡ ಚಿತ್ರಗೀತೆಯ ಫ್ಲಾಕ್ ತೆರೆದು, ಮೇಲೆ ಬಣ್ಣವಿಲ್ಲವೆಂದು ಅದನ್ನು ನಕಲಿ ಎನ್ನುವುದು ಅನ್ಯಾಯ. ಅಂಥಲ್ಲಿ ಬಣ್ಣ ಇಳಿಜಾರಿನಂತೆ ಮೆಲ್ಲಗೆ ಕರಗುತ್ತದೆ, ಟೇಪಿನ ಸೊರಗುಡುವಿಕೆ ಮೇಲಿನವರೆಗೂ ತೆಳುವಾಗಿ ಹರಡಿರುತ್ತದೆ. ಎಂಪಿ3 ಯ ಕತ್ತರಿ ಹಾಗಲ್ಲ, ಅದು ಗೋಡೆಯಂತೆ ನೇರ. ಇನ್ನೊಂದೆಡೆ, 320ರ ಎಂಪಿ3 ಯಲ್ಲಿ ಗೆರೆ 20 ಕಿಲೋಹರ್ಟ್ಜ್ ಸುತ್ತಮುತ್ತ ಇರುವುದರಿಂದ ಅದನ್ನು ಚಿತ್ರ ನೋಡಿ ಹಿಡಿಯುವುದು ಕಷ್ಟ, ಕಿವಿಯಿಂದ ಗುರುತಿಸುವುದು ಬಹುಪಾಲು ಕೇಳುಗರಿಗೆ ಇನ್ನೂ ಕಷ್ಟ. flac -t ಎಂಬ ಪರೀಕ್ಷಾ ಆಜ್ಞೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಫ್ಲಾಕ್ ಮಾಡಿದ ಮೇಲೆ ಫೈಲ್ ಕೆಟ್ಟಿದೆಯೇ ಎಂದಷ್ಟೇ ಅದು ಹೇಳುತ್ತದೆ, ಫ್ಲಾಕ್ ಆಗುವ ಮುಂಚಿನ ಚರಿತ್ರೆಯನ್ನು ಹೇಳುವುದಿಲ್ಲ.

ಕತ್ತರಿಸಿಹೋದ ಮೇಲಿನ ಭಾಗವನ್ನು ತುಂಬಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳೂ ಇವೆ. ಕೆಳಗಿನ ಆವರ್ತನಗಳನ್ನು ನೋಡಿ ಮೇಲೇನಿರಬಹುದೆಂದು ಅಂದಾಜಿಸಿ ಹೊಸ ದನಿ ಸೃಷ್ಟಿಸುವುದು ಅವುಗಳ ಕೆಲಸ. ಕೇಳಲು ಹಾಡು ಬೆಳಗಿದಂತೆ ಅನ್ನಿಸಲೂಬಹುದು, ಕೇಳುಗರಿಗೆ ಹಿಡಿಸಿದರೆ ತಪ್ಪೇನಿಲ್ಲ. ಆದರೆ ಅದು ಗಾಯಕರು ಹಾಡಿದ, ವಾದ್ಯಗಾರರು ನುಡಿಸಿದ ದನಿಯಲ್ಲ, ಅಂದಾಜಿನ ದನಿ. ಮರಳಿಸುವುದಕ್ಕೂ ಹೊಸದಾಗಿ ಸೇರಿಸುವುದಕ್ಕೂ ಇರುವ ಈ ವ್ಯತ್ಯಾಸವನ್ನು ಮರೆಯಬಾರದು. ಫೋಟೊಗಳಲ್ಲೂ ಇದೇ ನಿಯಮ: ಜೆಪೆಗ್ ಚಿತ್ರವನ್ನು ಪಿಎನ್‌ಜಿ ಮಾಡಿದರೆ ಚೌಕಚೌಕವಾದ ಕಲೆಗಳು ಹಾಗೇ ಉಳಿದು ಫೈಲ್ ಮಾತ್ರ ಬೆಳೆಯುತ್ತದೆ.

ಎಂಪಿ3 ಯನ್ನು ನಷ್ಟವಿಲ್ಲದ ರೂಪಕ್ಕೆ ತರುವುದು ಎಲ್ಲ ಸಂದರ್ಭದಲ್ಲೂ ವ್ಯರ್ಥ ಎಂದಲ್ಲ. ಹಾಡನ್ನು ಕತ್ತರಿಸಿ, ಜೋಡಿಸಿ, ಸದ್ದು ಹೆಚ್ಚುಕಡಿಮೆ ಮಾಡುವ ಕೆಲಸವಿದ್ದರೆ ಮಧ್ಯದ ಹಂತಗಳನ್ನು ವೇವ್ ಅಥವಾ ಫ್ಲಾಕ್‌ನಲ್ಲಿ ಉಳಿಸುವುದೇ ಸರಿ. ಪ್ರತಿ ಸಲವೂ ಎಂಪಿ3 ಆಗಿ ಉಳಿಸಿದರೆ ಸಂಖ್ಯೆಗಳನ್ನು ದುಂಡಾಗಿಸುವ ಕ್ರಿಯೆ ಮತ್ತೆ ಮತ್ತೆ ನಡೆದು, ನಷ್ಟದ ಮೇಲೆ ನಷ್ಟ ಪೇರುತ್ತದೆ. ಎಂಪಿ3 ಯನ್ನು ಎಎಸಿಯಂಥ ಇನ್ನೊಂದು ಕುಗ್ಗಿಸುವ ರೂಪಕ್ಕೆ ಬದಲಿಸಿದಾಗಲೂ ಆಗುವುದು ಇದೇ. ಫ್ಲಾಕ್ ಈ ಹೆಚ್ಚುವರಿ ನಷ್ಟವನ್ನು ತಡೆಯುತ್ತದೆ, ಆಗಿಹೋದದ್ದನ್ನು ತುಂಬುವುದಿಲ್ಲ.

ಕರ್ನಾಟಕದ ಅನೇಕ ಮನೆಗಳ ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ, ನೂರಾರು ಹಾಡು ತುಂಬಿದ ಎಂಪಿ3 ಸಿಡಿಗಳ ಕಾಲದ ಸಂಗ್ರಹಗಳು ಇನ್ನೂ ಇವೆ. ಅವುಗಳ ಗುಣಮಟ್ಟ ಹೆಚ್ಚಬೇಕೆಂದರೆ ಇರುವುದು ಒಂದೇ ದಾರಿ: ಅದೇ ಹಾಡಿನ ಆಡಿಯೊ ಸಿಡಿಯನ್ನೋ, ಮೂಲದಿಂದಲೇ ಮಾಡಿ ಮಾರುವ ಲಾಸ್‌ಲೆಸ್ ಪ್ರತಿಯನ್ನೋ ಹುಡುಕಿ, ಅಲ್ಲಿಂದ ಹೊಸದಾಗಿ ಫ್ಲಾಕ್ ಮಾಡಿಕೊಳ್ಳುವುದು. ಮೂಲ ಎಲ್ಲೂ ಸಿಗದಿದ್ದರೆ ಎಂಪಿ3 ಯನ್ನು ಎಂಪಿ3 ಆಗಿಯೇ ಬಿಡಬೇಕು, ಫ್ಲಾಕ್ ಮಾಡಿಕೊಂಡು ಅದನ್ನು ಅಳಿಸಬಾರದು. ಆ 4 ಎಂಬಿಯಲ್ಲಿ ಇಲ್ಲದ್ದು ಯಾವುದೂ 20 ಎಂಬಿಯ ಫೈಲಿನಲ್ಲಿ ಇರುವುದಿಲ್ಲ.